ಉಕ್ರೇನಿನ ಅಜ್ಜಿಗೆ ಹುಟ್ಟುಹಬ್ಬದ ಹಾರೈಕೆ: ಮೂರು ವರ್ಷ, ಮೂರು ಬಗೆ

ನಮ್ಮ ಟೀಮಿನಲ್ಲಿ ಪೊಲ್ತಾವಾ ಕಡೆಯ ಹುಡುಗನೊಬ್ಬನಿದ್ದಾನೆ. ಅವನು ಅಲ್ಲಿಂದ, ನಾನು ಬೆಂಗಳೂರಿನಿಂದ ಕೆಲಸ ಮಾಡುತ್ತೇವೆ. ಅವನನ್ನು ಸಾಕಿ ಬೆಳೆಸಿದವರು ಅಜ್ಜಿ. ವಿಡಿಯೋ ಕಾಲ್ ನಡೆಯುವಾಗ ಹಿಂದಿನಿಂದ ಬಂದು ಅವನ ಮುಂದೆ ತಟ್ಟೆ ಇಟ್ಟು ಹೋಗುತ್ತಿದ್ದರು, ಹಾಗೆ ನನಗೂ ಮುಖಪರಿಚಯ. ಫೆಬ್ರವರಿಯಲ್ಲಿ ಅವರ ಹುಟ್ಟುಹಬ್ಬ. 2023ರಿಂದ ಮೂರು ವರ್ಷ ಮೂರು ಬಗೆಯಲ್ಲಿ, ಅವರದೇ ಭಾಷೆಯಲ್ಲಿ ಹಾರೈಸಿ ನೋಡಿದೆ.

ಮೊದಲ ವರ್ಷದ್ದು ಸೋಮಾರಿ ದಾರಿ. ನೆಟ್‌ನಲ್ಲಿ ಸಿಕ್ಕ ಗುಲಾಬಿ ಹೂವಿನ ಚಿತ್ರ, ಮೇಲೊಂದು ಪದ್ಯ, ವೈಬರ್‌ನಲ್ಲಿ ಕಳಿಸಿಬಿಟ್ಟೆ. ಅದರಲ್ಲಿ ಮೂರು ತಪ್ಪುಗಳಿದ್ದವು. ಪದ್ಯ ರಷ್ಯನ್ ಭಾಷೆಯದು. ರಷ್ಯನ್, ಉಕ್ರೇನಿಯನ್ ಎರಡರದ್ದೂ ಸಿರಿಲಿಕ್ ಲಿಪಿಯೇ ಆದ್ದರಿಂದ ನನ್ನ ಕಣ್ಣಿಗೆ ಒಂದೇ ಥರ ಕಂಡಿತ್ತು. ಈಗ ನೋಡಿದ ಕೂಡಲೇ ಹೇಳಬಲ್ಲೆ: ತಲೆಯ ಮೇಲೆ ಒಂದು ಚುಕ್ಕೆ ಅಥವಾ ಎರಡು ಚುಕ್ಕೆ ಇರುವ ಕಡ್ಡಿಯಂಥ ಅಕ್ಷರ ಕಂಡರೆ ಅದು ಉಕ್ರೇನಿಯನ್. ಆ ಅಕ್ಷರಗಳು ಇಂದಿನ ರಷ್ಯನ್‌ನಲ್ಲಿಲ್ಲ. ಎರಡನೆಯ ತಪ್ಪು, ಚಿತ್ರದಲ್ಲಿ ಆರು ಗುಲಾಬಿ. ಅಲ್ಲಿ ಸಮಸಂಖ್ಯೆಯ ಹೂವು ಸಾವಿನ ಮನೆಗೆ. ಶುಭಕ್ಕೆ ಮೂರು, ಐದು, ಏಳು.

ಮೂರನೆಯದೇ ದೊಡ್ಡದು. ನಮ್ಮ ಅಭ್ಯಾಸದಂತೆ ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಕಳಿಸಿದ್ದೆ. ಚಳಿಗಾಲದಲ್ಲಿ ಉಕ್ರೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಇನ್ನೂ ಹಿಂದಿನ ದಿನದ ಎಂಟೂವರೆ. ಹುಟ್ಟಿದ ದಿನಕ್ಕೆ ಮುಂಚೆ ಹಾರೈಸುವುದು ಅಪಶಕುನ ಎಂದು ಅಲ್ಲಿನ ಹಿರಿಯರು ನಂಬುತ್ತಾರೆ. ಅಜ್ಜಿಯಿಂದ ಬಂದದ್ದು ಒಂದೇ ಪದ: 'ದ್ಯಾಕುಯು', ಥ್ಯಾಂಕ್ಸ್ ಅಂತ. ಮೊಮ್ಮಗ ನಗುತ್ತಾ ಮೂರನ್ನೂ ಬಿಡಿಸಿ ಹೇಳಿದ.

2024ಕ್ಕೆ ಬಾಯಲ್ಲೇ ಹೇಳೋಣ, ವಾಯ್ಸ್ ಮೆಸೇಜ್ ಕಳಿಸೋಣ ಅಂದುಕೊಂಡೆ. ಎಲ್ಲರೂ ಹೇಳುವ ಮಾತು 'ಜ಼್ ದ್ನೆಮ್ ನರೋಜೆನ್ನ್ಯಾ'. ಇದರ ಹಿಂದೆ 'ವಿತಾಯು ವಾಸ್' ಇದೆ: 'ನಿಮಗೆ ಅಭಿನಂದನೆ, ಹುಟ್ಟಿದ ದಿನದೊಂದಿಗೆ'. 'ದಿನ' ಅನ್ನುವ ಪದ 'ದೆನ್'; ಅದು ಇಲ್ಲಿ 'ದ್ನೆಮ್' ಆಗಿರುವುದು ನಮ್ಮ ತೃತೀಯಾ ವಿಭಕ್ತಿಯಂಥ ರೂಪಕ್ಕೆ. ವಿಭಕ್ತಿ ಕಲಿತು ಬಂದ ಕನ್ನಡದವರಿಗೆ ಇದು ಕಷ್ಟವಲ್ಲ. ಕಷ್ಟ ಆ ಮೊದಲ 'ಜ಼್'. ಅದು 'ಜೀಬ್ರಾ'ವನ್ನು ಇಂಗ್ಲಿಷಿನವರು ಹೇಳುವಾಗ ಬರುವ ಸದ್ದು; ಅದಕ್ಕೇ ಇಲ್ಲಿ ಚುಕ್ಕೆ ಇಟ್ಟು ಬರೆದಿದ್ದೇನೆ. 'ನರೋಜೆನ್ನ್ಯಾ'ದೊಳಗೆ ಬರುವುದು ನಮ್ಮ ಜಡೆಯ 'ಜ'. ಒಂದೇ ಮಾತಿನಲ್ಲಿ ಎರಡೂ ಬರುವುದರಿಂದ ನಾನು ಎರಡಕ್ಕೂ ಒಂದೇ 'ಜ' ಹಾಕಿ ಹತ್ತು ಸಲ ರೆಕಾರ್ಡ್ ಮಾಡಿ ಅಳಿಸಿದೆ.

ಇನ್ನೊಂದು ಕಡೆ ಲಾಭವಾಯಿತು. 'ಮಿತ್ಸ್ನೋಹೊ ಜ಼್ದೊರೋವ್ಯಾ' ಅಂದರೆ ಗಟ್ಟಿ ಆರೋಗ್ಯ. ಆ 'ಹೊ' ಬರೆಯುವ ಅಕ್ಷರವನ್ನು ರಷ್ಯನ್ನರು ಸಾಮಾನ್ಯವಾಗಿ 'ಗ' ಎಂದು ಓದುತ್ತಾರೆ, ಉಕ್ರೇನಿನವರು 'ಹ' ಎನ್ನುತ್ತಾರೆ. ಅದು ಗಂಟಲಿನಿಂದ ಮೆತ್ತಗೆ ಬರುವ ನಮ್ಮ 'ಹಲಸು', 'ಹಾಲು' ಪದಗಳ ಹಕಾರವೇ. 'ವಿತಾಯು'ವಿನ ವಕಾರವೂ ಹಾಗೆ, ತುಟಿ ಕಚ್ಚಬೇಕಿಲ್ಲ.

ಆದರೆ ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಕರೆಯುವುದು ಹೇಗೆ ಅನ್ನುವುದು. ಗೆಳೆಯನ ಅಜ್ಜಿ ನಮಗೂ ಅಜ್ಜಿಯೇ ತಾನೆ. ನೇರ 'ಬಬೂಸ್ಯು' ಅಂದುಬಿಡೋಣ ಅಂದೆ. 'ಬಬೂಸ್ಯಾ' ಅಂದರೆ ಅಜ್ಜಿ, ಕೂಗಿ ಕರೆಯುವಾಗ 'ಬಬೂಸ್ಯು'. ಮೊಮ್ಮಗ ಬೇಡ ಅಂದ. ಅವರು ನಲವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು, ಊರಿಡೀ ಹೆಸರಿನ ಜೊತೆ ತಂದೆಯ ಹೆಸರು ಸೇರಿಸಿ ಕರೆದೇ ರೂಢಿ. 'ಪಾನಿ' ಸೇರಿಸಲಾ ಅಂತ ಕೇಳಿದೆ. ಅದು ಲ್ವಿವ್ ಕಡೆ, ಅಂದರೆ ಪಶ್ಚಿಮದಲ್ಲಿ, ಸಹಜ. ತಪ್ಪೇನಲ್ಲ, ಆದರೆ ತಮ್ಮ ಅಜ್ಜಿಗೆ ಬ್ಯಾಂಕಿನವರು ಕರೆದ ಹಾಗೆ ಕೇಳಿಸುತ್ತದೆ ಎಂದ.

ಅವರ ನಿಜವಾದ ಹೆಸರು ಇಲ್ಲಿ ಬೇಡ. ಮರಿಯಾ ಎಂದಿಟ್ಟುಕೊಳ್ಳಿ, ತಂದೆ ಇವಾನ್. ಆಗ ಅವರು ಮರಿಯಾ ಇವಾನಿವ್ನಾ. ತಂದೆ ಪೆತ್ರೋ ಆಗಿದ್ದರೆ ಪೆತ್ರಿವ್ನಾ ಆಗುತ್ತಿತ್ತು. ಆದರೆ ಹಾಗೇ ಕರೆದರೆ ಹಾಜರಿ ಕೂಗಿದ ಹಾಗಾಗುತ್ತದೆ. ಸಂಬೋಧನೆಯಲ್ಲಿ ಎರಡೂ ಪದ ಬದಲಾಗಬೇಕು: 'ಮರೀಯೆ ಇವಾನಿವ್ನೊ'. ಹನ್ನಾ ಎಂಬ ಹೆಸರಾದರೆ 'ಹನ್ನೊ'. ಈ ಸಂಬೋಧನಾ ರೂಪ ರಷ್ಯನ್‌ನಲ್ಲಿ ಬಹುತೇಕ ಬಿದ್ದುಹೋಗಿದೆ, ಉಕ್ರೇನಿಯನ್‌ನಲ್ಲಿ ಜೀವಂತ. ಕೇಳಿದವರು ಮೊದಲು ಗಮನಿಸುವುದೂ ಇದನ್ನೇ. ಇನ್ನು 'ನೀವು' ಎಂಬುದಕ್ಕೆ 'ವಿ', 'ನೀನು' ಎಂಬುದಕ್ಕೆ 'ತಿ'. ಹಿರಿಯರಿಗೆ 'ವಿ'ಯೇ, ಕಾಗದದಲ್ಲಿ ಬರೆಯುವಾಗ ಮರ್ಯಾದೆಗೆ ಅದರ ಮೊದಲಕ್ಷರ ದೊಡ್ಡದು.

ಕೊನೆಗೆ ಕಳಿಸಿದ್ದು ಇಷ್ಟು: 'ಮರೀಯೆ ಇವಾನಿವ್ನೊ! ವಿತಾಯು ವಾಸ್ ಜ಼್ ದ್ನೆಮ್ ನರೋಜೆನ್ನ್ಯಾ. ಜ಼ೀಚು ವಾಮ್ ಮಿತ್ಸ್ನೋಹೊ ಜ಼್ದೊರೋವ್ಯಾ.' ('ಜ಼ೀಚು' ಅಂದರೆ ಹಾರೈಸುತ್ತೇನೆ.) ಈ ಸಲ ನಮ್ಮ ಮಧ್ಯಾಹ್ನ ಎರಡಕ್ಕೆ, ಅಲ್ಲಿ ಬೆಳಿಗ್ಗೆ ಹತ್ತೂವರೆಗೆ. 'ನೂರು ವರ್ಷ ಬಾಳಿ' ಎಂಬುದನ್ನು ಬೇಕೆಂದೇ ಬಿಟ್ಟೆ. ಎಂಬತ್ತು ದಾಟಿದವರಿಗೆ ಅದು ಲೆಕ್ಕ ಹಾಕಿಕೊಟ್ಟ ಹಾಗೆ.

ಉತ್ತರವಾಗಿ ಒಂದು ನಿಮಿಷದ ವಾಯ್ಸ್ ಬಂತು. ನನಗೆ ಅರ್ಥವಾದದ್ದು ಎರಡೇ ಪದ: 'ದ್ಯಾಕುಯು, ಸಿನೋಚ್ಕು'. ಎರಡನೆಯದು 'ಮಗನೇ', ಅದೂ ಮುದ್ದಿನಿಂದ. ಅದೂ ಸಂಬೋಧನಾ ರೂಪವೇ.

ಈ ವರ್ಷಗಳ ನಡುವೆ 'ಮ್ನೋಹಾಯಾ ಲೀತಾ' ಕೂಡ ಯೋಚಿಸಿದ್ದೆ. 'ಅನೇಕ ವರ್ಷ' ಎಂದು ಅರ್ಥ. ಚರ್ಚಿನ ಹಳೆಯ ಭಾಷೆಯಿಂದ ಬಂದ ಮಾತು, ಊಟದ ಮೇಜಿನ ಸುತ್ತ ಎಲ್ಲರೂ ಸೇರಿ ಹಾಡುವುದು. ಫೋನಿನಲ್ಲಿ ಒಬ್ಬನೇ ಹಾಡಿದರೆ ಆರತಿ ತಟ್ಟೆ ಇಲ್ಲದೆ ಆರತಿ ಹಾಡು ಹೇಳಿದಂತೆ. ಬಿಟ್ಟೆ.

2025ರಲ್ಲಿ ಅದೇ ಮಾತಿಗೆ ಎರಡು ಬದಲಾವಣೆ ಮಾಡಿದೆ. 'ಸಿನೋಚ್ಕು' ಅಂದಿದ್ದಾರಲ್ಲ, ಈಗ ಕರೆಯಬಹುದು ಎಂದು ಮೊಮ್ಮಗ ಒಪ್ಪಿದ. 'ಮರೀಯೆ ಇವಾನಿವ್ನೊ' ಹೋಗಿ 'ಬಬೂಸ್ಯು' ಬಂತು, 'ವಾಮ್' ಮಾತ್ರ ಹಾಗೇ ಉಳಿಯಿತು. ಕೊನೆಗೆ 'ಜ಼್ ರೊಸೀ ವಾಮ್ ಇ ವೊದೀ' ಸೇರಿಸಿದೆ. ಪದಶಃ 'ನಿಮಗೆ ಇಬ್ಬನಿಯಿಂದ, ನೀರಿನಿಂದ'. ಇಬ್ಬನಿ ಬಿದ್ದು ನೀರು ಹರಿದು ಪೈರು ಏಳುವ ಹಾಗೆ ನೀವೂ ಚೆನ್ನಾಗಿರಿ ಅನ್ನುವ ಹಳ್ಳಿಯ ಹಾರೈಕೆ. ಇದನ್ನು ಪರದೇಶದವನ ಬಾಯಲ್ಲಿ ಅವರು ನಿರೀಕ್ಷಿಸಿರಲಿಲ್ಲ.

ಆಮೇಲೆ ತಿಳಿದದ್ದು: ಅಜ್ಜಿ ಆ ವಾಯ್ಸನ್ನು ಪಕ್ಕದ ಮನೆಯವರಿಗೆ ಕೇಳಿಸಿ, 'ವೊದೀ'ಯ ಕೊನೆ ನಾನು ಎಳೆದದ್ದು ಸಾಲದು ಎಂದು ತಿದ್ದುಪಡಿ ಹೇಳಿ ಕಳಿಸಿದ್ದಾರೆ. ಟೀಚರ್ ಅಲ್ಲವೇ.