ಎಂಟನ್ನು ಸೊನ್ನೆ ಎಂದು ಓದುವ ಪಾಸ್‌ಬುಕ್ ಆ್ಯಪ್: 14 ತಿಂಗಳ ಬಳಕೆಯ ನಂತರ

ಪಾಸ್‌ಬುಕ್ ಪುಟದ ಫೋಟೋ ತೆಗೆದರೆ ಸಾಲುಸಾಲಾಗಿ ಓದಿ, ಖರ್ಚನ್ನು ದಿನಸಿ, ಕರೆಂಟು, ಔಷಧಿ ಎಂದು ವಿಂಗಡಿಸಿ ಕೊಡುವ ಆ್ಯಪ್ ಇದು. ತಿಂಗಳಿಗೆ 79 ರೂಪಾಯಿ. ಬೈಯಲಿಕ್ಕೇ ಬರೆಯುತ್ತಿದ್ದೇನೆ, ಅದಕ್ಕೇ ಹೆಸರು ಹೇಳುವುದಿಲ್ಲ.

ನನ್ನ ಖಾತೆಗಾದರೆ ಇದು ಬೇಕಿಲ್ಲ, ಸ್ಟೇಟ್‌ಮೆಂಟ್ ಮೇಲ್‌ಗೆ ಬರುತ್ತದೆ. ಬೇಕಾಗಿದ್ದು ಅಮ್ಮನ ಖಾತೆಗೆ. ಅವಳಿರುವುದು ತಿಪಟೂರಿನ ಹತ್ತಿರ. ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುವಷ್ಟು ಕಲಿತಿದ್ದಾಳೆ. ಅದರಾಚೆ ಬ್ಯಾಂಕ್ ಅಂದರೆ ಪಾಸ್‌ಬುಕ್ಕೇ. ತಿಂಗಳಿಗೊಮ್ಮೆ ಹೋಗಿ ಮೆಷಿನ್‌ಗೆ ಪುಸ್ತಕ ತೂರಿಸಿ ಎಂಟ್ರಿ ಹಾಕಿಸಿಕೊಂಡು ಬರುತ್ತಾಳೆ.

ಆ ಮೆಷಿನ್ನಿನ ರಿಬ್ಬನ್ ಬದಲಾಯಿಸಿ ಎಷ್ಟು ಕಾಲವಾಯಿತೋ. ಅಕ್ಷರ ಬೂದಿ ಬಣ್ಣದಲ್ಲಿ ಬೀಳುತ್ತದೆ. ಜೊತೆಗೆ ಪ್ರಿಂಟ್ ಹೆಡ್ಡಿನ ಒಂದು ಪಿನ್ ಕೆಲಸ ಮಾಡುತ್ತಿಲ್ಲ ಅಂತ ನನ್ನ ಅನುಮಾನ. ಪಾಸ್‌ಬುಕ್ ಪ್ರಿಂಟರ್ ಅಕ್ಷರವನ್ನು ಚುಕ್ಕಿಗಳಿಂದ ಹೊಡೆಯುತ್ತದಲ್ಲ, ಒಂದೊಂದು ಪಿನ್ನಿಗೆ ಒಂದೊಂದು ಅಡ್ಡಸಾಲು. ಒಂದು ಪಿನ್ ಸತ್ತರೆ ಎಲ್ಲ ಅಕ್ಷರಗಳಲ್ಲೂ ಅದೇ ಎತ್ತರದಲ್ಲಿ ಒಂದು ಬಿಳಿ ಗೆರೆ. ನಮ್ಮ ಪುಸ್ತಕದಲ್ಲಿ ಆ ಗೆರೆ ಸರಿಯಾಗಿ ನಡುವೆ ಬಂದು ಕೂತಿದೆ. ನಡುವಿನ ಪಟ್ಟಿ ಹೋದ 8 ಏನಾಗುತ್ತದೆ? 0 ಆಗುತ್ತದೆ. ಕಣ್ಣಿಗೆ ಸೊಂಟದ ಹತ್ತಿರ ಸ್ವಲ್ಪ ಒಳಗೆ ಹೋಗಿದ್ದು ಕಾಣುತ್ತದೆ. ಆ್ಯಪ್‌ಗೆ ಕಾಣುವುದಿಲ್ಲ.

ಕಳೆದ ವರ್ಷದ ಜೂನ್ ಪುಟ ನೋಡಿ. ಹಿಂದಿನ ಪುಟವನ್ನು ಕೌಂಟರಿನಲ್ಲೇ ಪ್ರಿಂಟ್ ಹಾಕಿಕೊಟ್ಟಿದ್ದರು. ಅದು ಕಪ್ಪಗೆ, ಚೊಕ್ಕವಾಗಿತ್ತು. ಅದರ ಕೊನೆಯ ಸಾಲು 7ನೇ ತಾರೀಕಿನದು, ಬ್ಯಾಲೆನ್ಸ್ 20,050.50. ಹೊಸ ಪುಟದ ಮೊದಲ ಸಾಲಿನಲ್ಲಿ ತಾರೀಕಿನ ಮೇಲೆ ಬೆರಳು ಉಜ್ಜಿ ಮಸಿಯಾಗಿದೆ. ಆ್ಯಪ್ ಓದಿದ್ದು ಹೀಗೆ: ಡೆಬಿಟ್ 1,000, ಬ್ಯಾಲೆನ್ಸ್ 10,170.50. ಸಾವಿರ ರೂಪಾಯಿ ಅಂದರೆ ದುಂಡನೆ ಸಂಖ್ಯೆ, ಯಾರಿಗೋ ಕೈಸಾಲ ಕೊಟ್ಟಿರಬೇಕು ಅಂದುಕೊಂಡಿತೋ ಏನೋ, ‘ವ್ಯಕ್ತಿಗೆ ವರ್ಗಾವಣೆ’ಗೆ ಹಾಕಿ ಮುಂದಕ್ಕೆ ಹೋಯಿತು.

ನನಗೆ ಸಿಟ್ಟು ಬಂದದ್ದು ಇಲ್ಲೇ. 20,050.50ರಲ್ಲಿ 10,170.50 ಕಳೆದರೆ 9,880. ಡೆಬಿಟ್ಟಿನಲ್ಲಿ 1,000 ಅಂತಿದೆ. ಕೂಡುವುದಿಲ್ಲ, ಅಲ್ವಾ? ಪಾಸ್‌ಬುಕ್ಕಿನ ಪ್ರತಿ ಸಾಲಿನಲ್ಲೂ ಬ್ಯಾಲೆನ್ಸ್ ಇರುತ್ತದೆ. ಅಂದರೆ ಪ್ರತಿ ಮೊತ್ತಕ್ಕೂ ಪಕ್ಕದಲ್ಲೇ ಒಂದು ಸಾಕ್ಷಿ ಇದ್ದ ಹಾಗೆ. ಬ್ಯಾಲೆನ್ಸಿನ ಎರಡನೇ ಅಂಕೆ 8 ಅಂದುಕೊಳ್ಳಿ: 18,170.50. ಆಗ ವ್ಯತ್ಯಾಸ 1,880. ಡೆಬಿಟ್ಟಿನ ಮೊದಲ ಎರಡು ಸೊನ್ನೆಗಳೂ ಎಂಟಾಗಿ ಸರಿಹೋಗುತ್ತವೆ. ಮುಂದಿನ ಸಾಲು ಇನ್ನೂ ತಮಾಷೆ. ಡೆಬಿಟ್ 042 ಅಂತ ಓದಿದೆ. ಮೊತ್ತದ ಮುಂದೆ ಸೊನ್ನೆ ಹಾಕಿ ಯಾವ ಬ್ಯಾಂಕ್ ಪ್ರಿಂಟ್ ಮಾಡುತ್ತದೆ? ಅದು 842, ಬೆಸ್ಕಾಂ ಬಿಲ್ಲು. 18,170.50ರಲ್ಲಿ 842 ಹೋದರೆ 17,328.50. ಆ್ಯಪ್ 17,320.50 ಅಂದಿತ್ತು.

ಮೂರನೇ ಕ್ಲಾಸಿನ ಲೆಕ್ಕ ಇದು. ಬ್ಯಾಲೆನ್ಸ್ ಕಾಲಂ ಓದುತ್ತದೆ, ಇಟ್ಟುಕೊಳ್ಳುತ್ತದೆ, ತಾಳೆ ಮಾತ್ರ ನೋಡುವುದಿಲ್ಲ. ಎರಡು ಸಲ ಮೇಲ್ ಹಾಕಿದೆ. ‘ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆಯಿರಿ’ ಎಂದು ಉತ್ತರ ಬಂತು.

ಫೋಟೋ ವಿಷಯದಲ್ಲಿ ಅವರ ಮಾತು ಅರ್ಧ ನಿಜ. ಮೊದಲ ಮೂರು ತಿಂಗಳು ನಾನೇ ತಪ್ಪು ಮಾಡುತ್ತಿದ್ದೆ. ಫೋನಿನ ಸ್ಕ್ಯಾನರ್‌ನಲ್ಲಿ ಕಪ್ಪು-ಬಿಳುಪು ಫಿಲ್ಟರ್ ಹಾಕಿ ಕಳಿಸುತ್ತಿದ್ದೆ. ನೋಡಲಿಕ್ಕೆ ಚೆನ್ನಾಗಿ ಕಾಣುತ್ತಿತ್ತು. ಆದರೆ ಆ ಫಿಲ್ಟರ್ ಮಸುಕಾದ ಚುಕ್ಕಿಯನ್ನು ಬಿಳಿ ಎಂದು ತೀರ್ಮಾನಿಸಿ ಅಳಿಸಿಬಿಡುತ್ತದೆ. ಇದ್ದ ಅಲ್ಪಸ್ವಲ್ಪ ಮಸಿಯೂ ಹೋಯಿತು. ಈಗ ಮಾಮೂಲಿ ಕಲರ್ ಫೋಟೋವನ್ನೇ ಕೊಡುತ್ತೇನೆ. ಬೆಳಿಗ್ಗೆ ಎಂಟರ ಹೊತ್ತಿಗೆ ಕಿಟಕಿ ಪಕ್ಕದ ಮಂಚದ ಮೇಲೆ ಪುಸ್ತಕ ಇಡುತ್ತೇನೆ. ಫ್ಲ್ಯಾಶ್ ಇಲ್ಲ. ಪುಟದ ಹಿಂದೆ ಒಂದು ಕಪ್ಪು ಹಾಳೆ ತೂರಿಸುತ್ತೇನೆ, ಇಲ್ಲದಿದ್ದರೆ ತೆಳು ಕಾಗದದಲ್ಲಿ ಹಿಂಬದಿಯ ಅಂಕೆಗಳು ಇಣುಕುತ್ತವೆ. ಮಡಿಕೆಯ ಹತ್ತಿರ ಪುಟ ಬಾಗಿದರೆ ಡೆಬಿಟ್ಟಿನ ಅಂಕೆ ಕ್ರೆಡಿಟ್ ಕಾಲಂಗೆ ಜಾರುತ್ತದೆ. ಅದಕ್ಕೆ ಎರಡೂ ಕಡೆ ಅಮ್ಮನ ಅರ್ಧ ಕೆ.ಜಿ. ತೂಕದ ಬಟ್ಟು. ಇಷ್ಟಾದ ಮೇಲೆ ತಪ್ಪು ತುಂಬಾ ಕಡಿಮೆಯಾಯಿತು. ಎಂಟು ಮಾತ್ರ ಸೊನ್ನೆಯೇ.

ಇನ್ನು ವಿಂಗಡಣೆ. `ATM WDL` ಅನ್ನು ಇದು ಖರ್ಚು ಎಂದು ಹಾಕುತ್ತದೆ. ಅದು ಖರ್ಚಲ್ಲ, ದುಡ್ಡು ಬ್ಯಾಂಕಿನಿಂದ ಅಮ್ಮನ ಡಬ್ಬಿಗೆ ಬಂತು ಅಷ್ಟೆ. ತರಕಾರಿಯ ನಗದು ಲೆಕ್ಕವನ್ನೂ ಬರೆದರೆ ಅದೇ ದುಡ್ಡು ಎರಡು ಸಲ ಖರ್ಚಾಗುತ್ತದೆ. ನಾನು ‘ಕೈನಗದು’ ಅಂತ ಬೇರೆ ವಿಭಾಗ ಮಾಡಿಕೊಂಡೆ. ಮೇ ತಿಂಗಳಲ್ಲಿ 436 ಮತ್ತು 20 ರೂಪಾಯಿ ಕಡಿತವಾದದ್ದನ್ನು ‘ಬ್ಯಾಂಕ್ ಶುಲ್ಕ’ ಅಂದಿತ್ತು. ಅವು ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಯ ವರ್ಷದ ಕಂತು. ಆ ಮೊತ್ತಗಳನ್ನು ನೋಡಿದರೇ ಗೊತ್ತಾಗಬೇಕು.

ಇಷ್ಟು ಬೈದರೂ 14 ತಿಂಗಳು ಯಾಕೆ ಇಟ್ಟುಕೊಂಡೆ ಅಂದರೆ, ಅದರ ತಿದ್ದುವ ಪರದೆಗಾಗಿ. ಯಾವ ಸಾಲು ಒತ್ತಿದರೂ ಫೋಟೋದಿಂದ ಆ ಒಂದೇ ಪಟ್ಟಿಯನ್ನು ಕತ್ತರಿಸಿ ದೊಡ್ಡದಾಗಿ ಮೇಲೆ ತೋರಿಸುತ್ತದೆ, ಕೆಳಗೆ ಬರೆಯುವ ಜಾಗ. ಭಾನುವಾರ ಕಾಫಿ ಲೋಟ ಹಿಡಿದು ಅಮ್ಮ ಪಕ್ಕದಲ್ಲಿ ಕೂರುತ್ತಾಳೆ. `UPI/DR/` ಆದಮೇಲೆ ಬರುವ ಹೆಸರು ಅರ್ಧಕ್ಕೇ ತುಂಡಾಗಿರುತ್ತದೆ. ಜೂನಿನ ಆ 1,880ರ ಸಾಲಿನಲ್ಲಿದ್ದ `SRI MANJ` ಅಂದರೆ ದಿನಸಿ ಅಂಗಡಿಯೋ, ಔಷಧಿ ಅಂಗಡಿಯೋ, ಮನುಷ್ಯರೋ? ಆ್ಯಪ್‌ಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

“ಅವತ್ತು ಯಾವ ವಾರ?” ಎಂದು ಕೇಳುತ್ತಾಳೆ.

ತಾರೀಕು ಮಸಿಯಾಗಿದ್ದರೆ ಅದಕ್ಕೂ ದಾರಿ ಇದೆ. ಯುಪಿಐ ಸಾಲಿನ 12 ಅಂಕಿಯ ನಂಬರಿನಲ್ಲಿ, ಈ ಪುಸ್ತಕದ ಹೆಚ್ಚಿನ ಕಡೆ, ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ಮುಂದಿನ ಮೂರು ವರ್ಷದ ಎಷ್ಟನೇ ದಿನ ಅನ್ನುವುದು. ನಮ್ಮ ಸಾಲು 5160 ಎಂದು ಶುರುವಾಗಿತ್ತು. 2025ರ 160ನೇ ದಿನ, ಅಂದರೆ ಜೂನ್ 9. ಆ ಸೊನ್ನೆಯೂ ಎಂಟಿರಬಹುದು ಅನ್ನುವಿರಾ? 168ನೇ ದಿನ ಜೂನ್ 17. ಕೆಳಗಿನ ಬೆಸ್ಕಾಂ ಸಾಲು 11ರದ್ದು. ಹಾಗಾಗಿ ಒಂಬತ್ತೇ.

“ಒಂಬತ್ತು ಸೋಮವಾರ,” ಅಂದೆ.

“ದಿನಸಿ ಕಣೋ. ಅಕ್ಕಿ ಮೂಟೆ ತರಿಸಿದ್ದೆನಲ್ಲ, ಆಟೋದಲ್ಲಿ ಬಂತು.”

1,880 ದಿನಸಿಗೆ ಹೋಯಿತು. ಒಮ್ಮೆ ಹೀಗೆ ಹೇಳಿಕೊಟ್ಟರೆ ಅದೇ ತುಂಡು ಹೆಸರು ಮತ್ತೆ ಬಂದಾಗ ಆ್ಯಪ್ ತಾನೇ ದಿನಸಿಗೆ ಹಾಕುತ್ತದೆ. ಇದನ್ನು ಮಾತ್ರ ಒಂದು ಸಲವೂ ತಪ್ಪಿಲ್ಲ.

ಐದರಲ್ಲಿ ಮೂರು ಸ್ಟಾರ್. ವರ್ಷದ ಪ್ಲಾನ್ ತೆಗೆದುಕೊಳ್ಳಬೇಡಿ, ತಿಂಗಳಿನದೇ ಸಾಕು. ನಿಮ್ಮ ಪುಸ್ತಕ ಕಪ್ಪಗೆ ಪ್ರಿಂಟ್ ಆಗುತ್ತದೆ ಅಂತಾದರೆ ನಾಲ್ಕು ಸ್ಟಾರ್ ಅಂದುಕೊಳ್ಳಿ. ಆಗಸ್ಟಿನದೊಂದು 300 ರೂಪಾಯಿ ಮಾತ್ರ ಇನ್ನೂ ‘ಇತರೆ’ಯಲ್ಲೇ ಇದೆ. ಬ್ಯಾಲೆನ್ಸ್ ತಾಳೆಯಾಗಿದೆ, ತಾರೀಕೂ ಸಿಕ್ಕಿದೆ. ಯಾರಿಗೆ ಕೊಟ್ಟೆ ಅಂತ ಕೇಳಿದರೆ ಅಮ್ಮ ಕಾಫಿ ಲೋಟ ತೊಳೆಯಲಿಕ್ಕೆ ಎದ್ದು ಹೋಗುತ್ತಾಳೆ.