ಹುತ್ತರಿ ಫೋಟೋದಲ್ಲಿ ಬಿಸಿಲಿನ ಪಟ್ಟೆ: ಒಂದೇ ಚಿತ್ರಕ್ಕೆ ನಾಲ್ಕು ಮದ್ದು

ಹುತ್ತರಿಯ ಮಾರನೇ ದಿನ ಗೆಳೆಯನ ಐನ್‌ಮನೆ ಮುಂದೆ ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದೆ. ಸಂಜೆ ನಾಲ್ಕೂವರೆ ಇರಬಹುದು. ಸಿಲ್ವರ್ ಓಕ್ ಮರಗಳ ಸಂದಿಯಿಂದ ಬಿಸಿಲು ನೇರ ಲೆನ್ಸಿಗೇ ಬೀಳುತ್ತಿತ್ತು. ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಲ್ಯಾಪ್‌ಟಾಪಿಗೆ ಹಾಕಿ ತೋರಿಸಿದಾಗ ಗೆಳೆಯನ ಅಪ್ಪ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನನ್ನ ಕುಪ್ಯ ಕಪ್ಪು ಅಲ್ವಾ ಮಾರಾಯ? ಇದೇನು ಕಾಫಿ ಬಣ್ಣ ಬಂದಿದೆ?"

ಅವರು ಹೇಳಿದ್ದು ಸರಿ, ಕೊಡವರ ಆ ಉದ್ದ ಕೋಟು ಕಪ್ಪೇ. ಚಿತ್ರದ ಎಡ ಮೇಲ್ಮೂಲೆಯಿಂದ ಕಿತ್ತಳೆ ಬಣ್ಣದ ತೆಳು ಪರದೆ ಇಳಿದು ಅರ್ಧ ಚಿತ್ರವನ್ನು ಮಬ್ಬು ಮಾಡಿತ್ತು. ಅದರ ಮೇಲೆ ಓರೆಯಾಗಿ ಒಂದು ಉದ್ದ ಪಟ್ಟೆ, ಜಗಲಿಯ ಗೋಡೆಯಿಂದ ಹಿಡಿದು ಕುಪ್ಯದ ತನಕ. ಸಾಲದ್ದಕ್ಕೆ ಮೂರು ಹಸಿರು ಚುಕ್ಕೆ. ಒಂದು ಎಲೆಗಳ ಮೇಲೆ, ಒಂದು ಕೆತ್ತನೆಯ ಕಂಬದ ಮೇಲೆ, ಇನ್ನೊಂದು ಸರಿಯಾಗಿ ಆಂಟಿಯ ಕೆನ್ನೆ ಮೇಲೆ.

ಈ ಮೂರೂ ಒಂದೇ ಬಿಸಿಲಿನ ಮಕ್ಕಳು. ಮಬ್ಬು ಅಂದರೆ ಲೆನ್ಸಿನೊಳಗೆ ಚದುರಿದ ಬೆಳಕು ಚಿತ್ರದ ಮೇಲೆಲ್ಲ ಬಂದು ಕೂಡಿಕೊಂಡಿದ್ದು. ಚುಕ್ಕೆ ಅಂದರೆ ಒಳಗಿನ ಗಾಜುಗಳ ನಡುವೆ ಪುಟಿದ ಬೆಳಕು. ಪಟ್ಟೆಗೆ ಮಾತ್ರ ನಾನೇ ಕಾರಣ. ಬೆಳಿಗ್ಗೆ ಮಂಜಿನಲ್ಲಿ ಒದ್ದೆಯಾಗಿದ್ದ ಲೆನ್ಸನ್ನು ಅಂಗಿ ತುದಿಯಿಂದ ಒರೆಸಿದ್ದೆ. ಗಾಜಿನ ಮೇಲೆ ಜಿಡ್ಡಿನ ಗೆರೆ ಉಳಿದರೆ ಅದಕ್ಕೆ ಅಡ್ಡಲಾಗಿ ಬೆಳಕಿನ ಪಟ್ಟೆ ಏಳುತ್ತದೆ. ಒರೆಸಿದ ದಿಕ್ಕಿಗೂ ಪಟ್ಟೆಗೂ ತಾಳೆ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಚಿತ್ರ ರಾ ಫೈಲಿನಲ್ಲಿತ್ತು, ಅಷ್ಟು ಪುಣ್ಯ. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಲೈಟ್‌ರೂಮಿನ Dehaze ಎಳೆದು +35ಕ್ಕೆ ನಿಲ್ಲಿಸಿದೆ. ಎರಡು ಸೆಕೆಂಡಿನ ಕೆಲಸ, ಮೊದಲ ನೋಟಕ್ಕೆ ಭಾರೀ ಖುಷಿ. ಮಬ್ಬು ಇಳಿಯಿತು. ಆದರೆ ಬಲಗಡೆ, ಮಬ್ಬೇ ಇಲ್ಲದ ಕಡೆ ನಿಂತವರ ಮುಖ ಸುಟ್ಟ ರೊಟ್ಟಿಯ ಹಾಗಾಯಿತು. ಮಸುಕಾಗಿದ್ದ ಹಸಿರು ಚುಕ್ಕೆಗಳು ಎದ್ದು ಕುಳಿತವು. ಗ್ರೇಡಿಯಂಟ್ ಮಾಸ್ಕ್ ಹಾಕಿ ಎಡಗಡೆಗೆ ಮಾತ್ರ +25 ಕೊಟ್ಟೆ. ಮುಖಗಳು ಉಳಿದವು. ಕುಪ್ಯದ ಕಂದು ಬಣ್ಣ ಮಾತ್ರ ಇನ್ನೂ ಗಾಢ ಕಂದಾಯಿತೇ ಹೊರತು ಕಪ್ಪಾಗಲಿಲ್ಲ.

ಯಾಕೆ ಅಂದರೆ, ಈ ಹತೋಟಿಯನ್ನು ಮಾಡಿದ್ದೇ ಬೆಟ್ಟದ ಮಂಜಿಗೆ. ಮಾಂದಲಪಟ್ಟಿಯಲ್ಲಿ ದೂರದ ಗುಡ್ಡ ಜಾಸ್ತಿ ಮಸುಕು, ಹತ್ತಿರದ ಹುಲ್ಲು ಕಡಿಮೆ ಮಸುಕು. ಅಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಲೆನ್ಸಿನ ಮಬ್ಬು ದೂರ ಹತ್ತಿರ ನೋಡುವುದಿಲ್ಲ. ಎದುರಿಗೆ ನಿಂತ ಮನುಷ್ಯನ ಮೇಲೂ ಹಿಂದಿನ ಮರದ ಮೇಲೂ ಒಂದೇ ಸಮ ಬಂದು ಕೂರುತ್ತದೆ.

ಹಾಗಾದರೆ ಸೇರಿದ್ದನ್ನು ಕಳೆಯಬೇಕು, ಅಷ್ಟೇ ಅಲ್ವಾ? ಎರಡನೇ ಪ್ರಯೋಗ ಅದೇ. ಫೋಟೋಶಾಪಿನಲ್ಲಿ ಕುಪ್ಯದ ಎರಡು ಕಡೆ ಬಣ್ಣ ಅಳೆದೆ. ಮಬ್ಬಿಲ್ಲದ ಬಲ ತೋಳಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚು ಕಡಿಮೆ 13. ಎಡ ಭುಜದಲ್ಲಿ 71, 54, 37. ಒಂದೇ ಬಟ್ಟೆ, ಒಂದೇ ಕಪ್ಪು. ವ್ಯತ್ಯಾಸ 58, 41, 24. ಕೆಂಪು ಹೆಚ್ಚು ಸೇರಿದ್ದಕ್ಕೇ ಕಾಫಿ ಬಣ್ಣ. Levels ಲೇಯರ್ ಹಾಕಿ, Red ಆರಿಸಿ ಎಡ ತುದಿಯ ಕಪ್ಪು ತ್ರಿಕೋನವನ್ನು 58ಕ್ಕೆ ತಂದೆ. Green 41, Blue 24. ಆಮೇಲೆ ಮಾಸ್ಕಿನಲ್ಲಿ ಎಡ ಮೂಲೆಯಿಂದ ಬಿಳಿ, ಬಲಕ್ಕೆ ಬರುತ್ತಾ ಕಪ್ಪು ಆಗುವ ಗ್ರೇಡಿಯಂಟ್ ಎಳೆದೆ. ಕುಪ್ಯ ಕಪ್ಪಾಯಿತು! ಸೊಂಟಕ್ಕೆ ಸುತ್ತಿದ ಕೆಂಪು ಚೇಲೆಯೂ ಕೆಂಪಾಯಿತು. ಹೀಗೆ ಎಳೆದಾಗ ಉಳಿದ ಬಣ್ಣಗಳು ಹಿಗ್ಗಿ ಜಾಗ ತುಂಬುವುದರಿಂದ ಗೋಡೆಯ ಬಿಳುಪು ಕುಂದಲಿಲ್ಲ.

ಎರಡು ಎಚ್ಚರ. ಚಿತ್ರ 16 ಬಿಟ್‌ನಲ್ಲಿರಲಿ, 8ರಲ್ಲಿ ಮಾಡಿದರೆ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ಒಡೆಯುತ್ತದೆ. ಇನ್ನೊಂದು, ಹೀಗೆ ಹಿಗ್ಗಿಸಿದಾಗ ನೆರಳಿನಲ್ಲಿ ಅಡಗಿದ್ದ ಕಾಳುಕಾಳು ಕಾಣುತ್ತದೆ. ಕುಪ್ಯದ ಮೇಲೆ ನನಗೂ ಕಂಡಿತು, ಸ್ವಲ್ಪ ನಾಯ್ಸ್ ಕಡಿಮೆ ಮಾಡಿದೆ. ಜಿಂಪ್ ಬಳಸುವವರಿಗೂ ಇದೇ ದಾರಿ, ಲೇಯರನ್ನು ನಕಲು ಮಾಡಿಕೊಂಡು Levels ಕೊಟ್ಟರಾಯಿತು.

ಪಟ್ಟೆಗೂ ಅದೇ ಲೆಕ್ಕ. ಗೋಡೆಯಲ್ಲಿ ಪಟ್ಟೆಯ ಒಳಗೆ ಮತ್ತು ಪಕ್ಕದಲ್ಲಿ ಅಳೆದರೆ 25, 19, 7 ವ್ಯತ್ಯಾಸ. ಆ ಬಣ್ಣದ್ದೇ ಒಂದು Solid Color ಲೇಯರ್, ಮೋಡ್ Subtract, ಮಾಸ್ಕ್ ಪೂರ್ತಿ ಕಪ್ಪು. ಪಟ್ಟೆಯಷ್ಟೇ ಅಗಲದ ಮೆತ್ತನೆ ಬ್ರಶ್ ಹಿಡಿದು ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇಟ್ಟು, Shift ಒತ್ತಿ ಇನ್ನೊಂದು ತುದಿಯಲ್ಲಿ ಕ್ಲಿಕ್ ಮಾಡಿದರೆ ನೇರ ಗೆರೆ ಬರುತ್ತದೆ. ಗೋಡೆಯ ಮೇಲೆ ಪಟ್ಟೆ ಮಾಯ. ಆದರೆ ಕುಪ್ಯದ ಮೇಲೆ ಇನ್ನೂ ಇದೆ! ಇದಕ್ಕೆ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಫೋಟೋದ ಅಂಕಿಗಳು ಬೆಳಕಿಗೆ ನೇರ ಅನುಪಾತದಲ್ಲಿರುವುದಿಲ್ಲ. ಅಷ್ಟೇ ಬೆಳಕು ಸೇರಿದರೂ ಕಪ್ಪಿನಲ್ಲಿ ಅಂಕಿ ಜಾಸ್ತಿ ಏರುತ್ತದೆ, ಬಿಳಿಯಲ್ಲಿ ಕಡಿಮೆ. ಹಾಗಾಗಿ ಕುಪ್ಯದ ಭಾಗಕ್ಕೆ ಬೇರೆ ಅಳೆದು, ಬೇರೆ ಲೇಯರ್ ಹಾಕಬೇಕಾಯಿತು. ಗೋಡೆಯ ಮೇಲೆ ಅದೇ ದೊಡ್ಡ ಅಂಕಿ ಕೊಟ್ಟು ನೋಡಿದೆ, ಬೆಳಕಿನ ಪಟ್ಟೆ ಹೋಗಿ ಕೊಳಕು ನೆರಳಿನ ಪಟ್ಟೆ ಬಂತು.

ಮೂರನೆಯದು ಹೀಲಿಂಗ್ ಬ್ರಶ್ ಮತ್ತು ಕ್ಲೋನ್. ಎಲೆಗಳ ಮೇಲಿನ ಚುಕ್ಕೆ ಒಂದೇ ಏಟಿಗೆ ಹೋಯಿತು, ಅಲ್ಲಿ ಬೇರೆ ಏನೂ ಬೇಡ. ಕಂಬದ ಮೇಲೆ ಕೆತ್ತನೆಯ ಗೆರೆ ಮುರಿಯಿತು. ಕೆನ್ನೆಯ ಮೇಲಂತೂ ಆಂಟಿಗೆ ಹತ್ತು ವರ್ಷ ಕಡಿಮೆಯಾಗಿ ಮೇಣದ ಗೊಂಬೆಯಾದರು. ಅಳಿಸಿ, Color ಮೋಡಿನ ಖಾಲಿ ಲೇಯರ್ ತೆಗೆದು, ಪಕ್ಕದ ಚರ್ಮದ ಬಣ್ಣ ಹಿಡಿದು ಮೆತ್ತಗೆ ಬಳಿದೆ. ಹಸಿರು ಹೋಯಿತು, ಸುಕ್ಕುಗಳು ಅಲ್ಲೇ ಉಳಿದವು. ಉಳಿದ ಒಂಚೂರು ಹೊಳಪನ್ನು Curves ಇಳಿಸಿ ಸರಿಮಾಡಿದೆ. ಕಂಬಕ್ಕೂ ಅದೇ.

ನಾಲ್ಕನೆಯದನ್ನು ಮಾರನೇ ದಿನ ಖಾಲಿ ಜಗಲಿಯ ಮೇಲೆ ಸುಮ್ನೆ ಪರೀಕ್ಷೆಗೆ ಮಾಡಿದೆ. ಟ್ರೈಪಾಡ್ ಮೇಲೆ ಒಂದು ಚಿತ್ರ, ಆಮೇಲೆ ಹೆಬ್ಬೆರಳಿನಿಂದ ಸೂರ್ಯನನ್ನು ಮರೆಮಾಡಿ ಇನ್ನೊಂದು, ಎಕ್ಸ್‌ಪೋಶರ್ ಬದಲಿಸದೆ. ಫೋಟೋಶಾಪಿನಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು, ಹೆಬ್ಬೆರಳು ಇದ್ದ ಜಾಗಕ್ಕೆ ಮೊದಲನೆಯದನ್ನು, ಉಳಿದದ್ದಕ್ಕೆ ಎರಡನೆಯದನ್ನು ಮಾಸ್ಕ್ ಮಾಡಿದೆ. ಮಬ್ಬಿಲ್ಲ, ಪಟ್ಟೆಯಿಲ್ಲ, ಚುಕ್ಕೆಯಿಲ್ಲ. ಹತ್ತು ನಿಮಿಷ. ಮೂರು ಪ್ರಯೋಗಕ್ಕಿಂತ ಇದೇ ಚೆಂದ, ಒಪ್ಪಿಕೊಳ್ಳಲೇಬೇಕು. ಆದರೆ ಹದಿನಾಲ್ಕು ಜನ, ಅದರಲ್ಲಿ ಎರಡು ಪುಟ್ಟ ಮಕ್ಕಳು, ಎರಡು ಚಿತ್ರದಲ್ಲೂ ಒಂದೇ ಥರ ನಿಲ್ಲುತ್ತಾರಾ? ಗಾಳಿಗೆ ಆಡುವ ಎಲೆಗಳೂ ಅಂಚಿನಲ್ಲಿ ಜೋಡಿಜೋಡಿಯಾಗಿ ಕಂಡವು.

ಹಬ್ಬದ ಫೋಟೋ ಉಳಿಸಿದ್ದು ಕಳೆಯುವ ಲೆಕ್ಕವೇ. ಎಡ ಮೂಲೆಯ ಎಲೆಗಳನ್ನು ಮಾತ್ರ ಬಿಟ್ಟುಬಿಟ್ಟೆ. ಅಲ್ಲಿ ಮೂರೂ ಬಣ್ಣ 255 ಮುಟ್ಟಿ ಬೆಳ್ಳಗಾಗಿತ್ತು, ಕಳೆದರೆ ಬೂದಿ ಬಣ್ಣ ಬರುತ್ತಿತ್ತೇ ಹೊರತು ಎಲೆ ಬರುತ್ತಿರಲಿಲ್ಲ. ಪ್ರಿಂಟ್ ಹಾಕಿಸಿ ಕೊಟ್ಟೆ. ಅಂಕಲ್ ಕುಪ್ಯ ನೋಡಿ ತಲೆಯಾಡಿಸಿದರು. ಆಂಟಿ ಪ್ರಿಂಟನ್ನು ಕಣ್ಣ ಹತ್ತಿರ ಹಿಡಿದು, "ಹಸಿರು ತೆಗೆದೆ ಸರಿ, ಈ ಸುಕ್ಕನ್ನೂ ತೆಗೆಯಬಹುದಿತ್ತಲ್ವಾ?" ಅಂದರು.