ಒಂದೇ ಕಾಂಪೌಂಡ್, ಎರಡು ಲಿಫ್ಟ್ ಎಎಂಸಿ

ನಮ್ಮ ಆಫೀಸು ಬೆಂಗಳೂರಿನ ಪೀಣ್ಯದ ಹತ್ತಿರ ಇದೆ. ಒಂದೇ ಕಾಂಪೌಂಡಿನಲ್ಲಿ ಮುಂದೊಂದು ಬ್ಲಾಕ್, ಹಿಂದೊಂದು ಬ್ಲಾಕ್. ಎರಡಕ್ಕೂ ಗ್ರೌಂಡ್ ಬಿಟ್ಟು ಐದು ಮಹಡಿ, ಒಂದೊಂದು ಲಿಫ್ಟ್. ಎರಡೂ ಎಂಟು ಜನರ, 544 ಕೆಜಿಯವು. ಮುಂದಿನ ಲಿಫ್ಟಿನ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಕಾಂಟ್ರಾಕ್ಟನ್ನು, ಅದನ್ನು ತಯಾರಿಸಿದ ಕಂಪನಿಗೇ ಕೊಟ್ಟೆವು, ಹಿಂದಿನದನ್ನು ಒಂದು ಲೋಕಲ್ ಏಜೆನ್ಸಿಗೆ. ಕಂಪನಿಗೆ ವರ್ಷಕ್ಕೆ 90,000 ರೂಪಾಯಿ, ಏಜೆನ್ಸಿಗೆ 54,000. ಮೇಲೆ 18% ಜಿಎಸ್‌ಟಿ. ಎರಡೂ ಕಾಂಪ್ರಹೆನ್ಸಿವ್, ಅಂದರೆ ಬಿಡಿಭಾಗದ ಖರ್ಚೂ ಅವರದೇ. ಹಾಗಂತ ನಾನು ತಿಳಿದುಕೊಂಡಿದ್ದೆ. ಎರಡು ವರ್ಷ ಎರಡನ್ನೂ ನಾನೇ ನೋಡಿಕೊಂಡೆ, ಪ್ರತಿ ಕಾಲ್ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟೆ.

ತಿಂಗಳ ಸರ್ವಿಸ್ ವಿಷಯದಲ್ಲಿ ಏಜೆನ್ಸಿಗೇ ನನ್ನ ಮಾರ್ಕು. ಕಂಪನಿಯ ಹುಡುಗ ಬಂದು ಅರ್ಧ ಗಂಟೆಯಲ್ಲಿ ಸಹಿ ಕೇಳುತ್ತಿದ್ದ. ಏಜೆನ್ಸಿಯವನು ಪ್ರತಿ ಮಹಡಿಯಲ್ಲೂ ನಿಂತು ಬಾಗಿಲ ಕೆಳಗಿನ ಸಿಲ್ ಸಂದಿಯನ್ನು ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜುತ್ತಿದ್ದ. ಒಮ್ಮೆ ಅಲ್ಲಿಂದ ಒಂದು ಪೆನ್ ಕ್ಲಿಪ್ಪು, ಎರಡು ಸ್ಟೇಪ್ಲರ್ ಪಿನ್ನು ತೆಗೆದು ನನ್ನ ಕೈಗಿಟ್ಟ. ಲಿಫ್ಟ್ ಕೆಡುವುದು ಜಾಸ್ತಿ ಬಾಗಿಲಲ್ಲೇ. ಬಾಗಿಲು ಪೂರ್ತಿ ಮುಚ್ಚದಿದ್ದರೆ ಲಾಕ್ ಕಾಂಟ್ಯಾಕ್ಟ್ ಕೂಡುವುದಿಲ್ಲ, ಲಿಫ್ಟ್ ಹೊರಡುವುದೂ ಇಲ್ಲ. ಇಬ್ಬರ ಕಾಂಟ್ರಾಕ್ಟಿನಲ್ಲೂ ಬರೆದಿದ್ದು ಮಾತ್ರ ಒಂದೇ ಸಾಲು: ತಿಂಗಳಿಗೊಂದು ಸರ್ವಿಸ್. ಅದರಲ್ಲಿ ಏನೇನು ಮಾಡಬೇಕು ಅನ್ನುವ ಪಟ್ಟಿ ಇಬ್ಬರೂ ಕೊಟ್ಟಿರಲಿಲ್ಲ.

ಇನ್ನು ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದು. ಕಂಪನಿಯದು 60 ನಿಮಿಷ, ಏಜೆನ್ಸಿಯದು 45. ಇಬ್ಬರೂ ಹೆಚ್ಚುಕಡಿಮೆ ಮಾತು ಉಳಿಸಿಕೊಂಡರು. ತೊಂದರೆ ಇದ್ದದ್ದು ಬಂದ ಮೇಲೆ. ಮುಂದಿನ ಬ್ಲಾಕಿನ ಲಿಫ್ಟ್ ಒಂದು ಸೋಮವಾರ ಬೆಳಿಗ್ಗೆ ನಿಂತಿತು. ಕಂಪನಿಯವರು 40 ನಿಮಿಷದಲ್ಲಿ ಬಂದರು, ಮೋಟರ್ ಓಡಿಸುವ ಡ್ರೈವ್ ಬೋರ್ಡ್ ಹೋಗಿದೆ ಅಂದರು, ರಿಪೋರ್ಟಿನಲ್ಲಿ ‘ಕಾಲ್ ಅಟೆಂಡ್ ಆಗಿದೆ, ಪಾರ್ಟ್ ಬರಬೇಕು’ ಅಂತ ಬರೆದು ಹೊರಟರು. ಅವರ ಲೆಕ್ಕದಲ್ಲಿ ಗಡಿಯಾರ ಅಲ್ಲಿಗೆ ನಿಂತಿತು. ಬೋರ್ಡ್ ಬಂದು ಲಿಫ್ಟ್ ಓಡಿದ್ದು ಒಂಬತ್ತು ದಿನದ ಮೇಲೆ. ಕಾಂಟ್ರಾಕ್ಟ್ ತೆಗೆದು ನೋಡಿದರೆ ಬರುವ ಹೊತ್ತು ಇದೆ, ಸರಿ ಮಾಡಿಕೊಡುವ ಹೊತ್ತು ಎಲ್ಲೂ ಇಲ್ಲ.

ಏಜೆನ್ಸಿಯ ಕಡೆ ಬೇರೆ ಕಥೆ. ಹಗಲಾದರೆ ಅವರ ಹುಡುಗ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಹಾಜರ್. ಭಾನುವಾರ ಫೋನ್ ಎತ್ತುತ್ತಿರಲಿಲ್ಲ. ಹಿಂದಿನ ಬ್ಲಾಕಿನ ಡ್ರೈವ್ ಹೋದಾಗ ಬೋರ್ಡನ್ನು ರಿಪೇರಿಗೆ ಕೊಟ್ಟು ತರಲು ಆರು ದಿನ ತೆಗೆದುಕೊಂಡ. ಆದರೂ ಆ ಲಿಫ್ಟನ್ನು ನಡೆಸುವ ಕಂಟ್ರೋಲರ್ ಮಾರ್ಕೆಟ್ಟಿನಲ್ಲಿ ಸಿಗುವಂಥದ್ದು, ಯಾರು ಬೇಕಾದರೂ ತೆರೆದು ನೋಡಬಹುದು. ಮುಂದಿನ ಲಿಫ್ಟಿನದು ಹಾಗಲ್ಲ. ಅದರ ಸೆಟ್ಟಿಂಗ್ ಬದಲಿಸಲು ಕಂಪನಿಯದೇ ಟೂಲ್ ಬೇಕು. ಏಜೆನ್ಸಿಯವನಿಗೆ ಅದಕ್ಕೂ ಕೋಟ್ ಕೊಡು ಅಂದಾಗ ಪಾಪ, ‘ಸಾರ್, ಅದು ನನ್ನ ಕೈಲಿ ಆಗಲ್ಲ’ ಅಂತ ನೇರವಾಗಿ ಹೇಳಿದ.

ಏನೇನು ಸೇರಿಲ್ಲ ಅನ್ನುವ ಪುಟಕ್ಕೆ ಬರೋಣ. ಕಂಪನಿಯ ಪಟ್ಟಿ ಒಂದೂವರೆ ಪುಟ, ಏಜೆನ್ಸಿಯದು ಆರು ಸಾಲು. ಒಳಗಿನ ಸೀಲಿಂಗ್, ಲೈಟು, ಫ್ಯಾನು, ಲಿಫ್ಟ್ ಕೆಳಗಿನ ಪಿಟ್‌ಗೆ ನೀರು ನುಗ್ಗಿ ಆದ ಹಾನಿ, ನಮ್ಮವರ ಕೈಯಿಂದ ಆದ ಹಾನಿ, ಇವು ಇಬ್ಬರಲ್ಲೂ ಹೊರಗೆ. ನೀರಿನ ಕ್ಯಾನ್ ತರುವವನ ಟ್ರಾಲಿ ಗುದ್ದಿ ಬಾಗಿಲು ಸೊಟ್ಟಗಾದಾಗ ನಾವೇ ದುಡ್ಡು ಕೊಟ್ಟೆವು, ಅದು ನ್ಯಾಯವೇ. ಆದರೆ ಆರು ತಿಂಗಳ ಮೇಲೆ ಅದೇ ಬಾಗಿಲಿನ ಮೇಲ್ಗಡೆ ರೋಲರ್ ಸವೆದಾಗಲೂ ಕಂಪನಿ ‘ಮಿಸ್‌ಯೂಸ್’ ಅಂತ ಬಿಲ್ ಹಾಕಿತು. ಸವೆತ ಯಾವುದು, ಪೆಟ್ಟು ಯಾವುದು ಅಂತ ತೀರ್ಮಾನಿಸುವವರು ಯಾರು ಅಂತ ಕಾಂಟ್ರಾಕ್ಟಿನಲ್ಲಿ ಬರೆದಿರಲಿಲ್ಲ. ಹಾಗಾಗಿ ಅವರೇ ತೀರ್ಮಾನಿಸಿದರು.

ನನಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಎಆರ್‌ಡಿ ಬ್ಯಾಟರಿ. ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವುದು ಎಆರ್‌ಡಿಯ ಕೆಲಸ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಏಜೆನ್ಸಿ ಅದನ್ನು ಸೇರಿಸಿತ್ತು. ಕಂಪನಿಯ ಪಟ್ಟಿಯಲ್ಲಿ ‘ಎಲ್ಲ ಬಗೆಯ ಬ್ಯಾಟರಿ’ ಹೊರಗೆ. ನಮ್ಮಲ್ಲಿ ಡಿಜಿ, ಅಂದರೆ ಡೀಸೆಲ್ ಜನರೇಟರ್, ಕೆಲವೇ ಸೆಕೆಂಡಿನಲ್ಲಿ ತಾನಾಗಿ ಸ್ಟಾರ್ಟ್ ಆಗುತ್ತದೆ, ಆದ್ದರಿಂದ ಎಆರ್‌ಡಿ ಸತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಂಜೆ ಕರೆಂಟ್ ಹೋಯಿತು, ಡಿಜಿಯೂ ಕೈಕೊಟ್ಟಿತು. ಮೂರು ಮತ್ತು ನಾಲ್ಕನೇ ಮಹಡಿ ಮಧ್ಯೆ ಅಕೌಂಟ್ಸ್‌ನ ಮೂವರು ಸಿಕ್ಕಿಕೊಂಡರು. 35 ನಿಮಿಷ. ಹೊರಗೆ ಬಂದ ಮೇಡಂ ಒಬ್ಬರು ಒಂದು ತಿಂಗಳು ಮೆಟ್ಟಿಲನ್ನೇ ಹತ್ತಿದರು. ಈಗ ಪ್ರತಿ ತಿಂಗಳು ಸರ್ವಿಸ್ ದಿನ, ಟೆಕ್ನಿಷಿಯನ್ ಎದುರಿಗೇ, ಖಾಲಿ ಲಿಫ್ಟ್ ಎರಡು ಮಹಡಿ ಮಧ್ಯೆ ಓಡುವಾಗ ಮೇನ್ ಸ್ವಿಚ್ ಆಫ್ ಮಾಡಿಸುತ್ತೇನೆ. ಅದು ಮಹಡಿಗೆ ಬಂದು ಬಾಗಿಲು ತೆರೆದರೆ ಮಾತ್ರ ಸಹಿ.

ಪೆನಾಲ್ಟಿ ಲೆಕ್ಕ ಕೇಳಿದರೆ ನಗು ಬರುತ್ತದೆ. ಕಂಪನಿಯ ಷರತ್ತು ಹೀಗಿತ್ತು: ಸತತ 72 ಗಂಟೆ ಮೀರಿ ಲಿಫ್ಟ್ ನಿಂತರೆ ಆ ಮೇಲಿನ ದಿನಗಳ ಎಎಂಸಿ ಹಣ ವಾಪಸ್. ಒಂಬತ್ತು ದಿನದಲ್ಲಿ ಮೂರು ಕಳೆದರೆ ಆರು. 90,000 ಅನ್ನು 365ರಿಂದ ಭಾಗಿಸಿದರೆ ದಿನಕ್ಕೆ 247 ರೂಪಾಯಿ. ಒಟ್ಟು ಸುಮಾರು 1,480. ಅದೂ ವರ್ಷದ ಹಣ ಪೂರ್ತಿ ಮುಂಗಡ ಕೊಟ್ಟಿದ್ದರಿಂದ ಕೈಗೆ ಬರಲಿಲ್ಲ, ಮುಂದಿನ ರಿನ್ಯೂವಲ್‌ನಲ್ಲಿ ಕಳೆಯುತ್ತೇವೆ ಅಂದರು. ಅಂದರೆ ರಿನ್ಯೂ ಮಾಡಿದರೆ ಮಾತ್ರ!

ಏಜೆನ್ಸಿಯದು ಕೇಳಲು ಖಾರ: 24 ಗಂಟೆ ಮೀರಿದ ಪ್ರತಿ ದಿನಕ್ಕೆ 1,000 ರೂಪಾಯಿ. ಆರು ದಿನ ನಿಂತಿದ್ದಕ್ಕೆ 5,000 ಆಗಬೇಕಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ವರ್ಷದ ಮೊತ್ತದ 5% ಮೀರದಂತೆ’ ಅಂತ ಇತ್ತು. 54,000ದ 5% ಅಂದರೆ 2,700. ಅಲ್ಲಿಗೆ ವರ್ಷದ ಪೆನಾಲ್ಟಿ ಮುಗಿಯಿತು, ಆಮೇಲೆ ಎಷ್ಟು ದಿನ ನಿಂತರೂ ಪುಕ್ಕಟೆ. ಆದರೂ ಅವರಿಗೆ ಮೂರು ತಿಂಗಳು ಕಳೆದ ಮೇಲೆ 13,500ರ ಹಾಗೆ ಕೊಡುತ್ತಿದ್ದೆವು. ಆ ಬಿಲ್ಲಿನಲ್ಲೇ ಹಿಡಿದುಕೊಂಡೆ. ಯಾರನ್ನೂ ಕೇಳಬೇಕಾಗಿರಲಿಲ್ಲ.

ಈ ಸಲ ರಿನ್ಯೂವಲ್‌ನಲ್ಲಿ ಲಿಫ್ಟು ನೋಡಿಕೊಳ್ಳುವವರನ್ನು ಬದಲಿಸಲಿಲ್ಲ, ಕಾಂಟ್ರಾಕ್ಟಿನ ಸಾಲುಗಳನ್ನು ಬದಲಿಸಿದೆ. ಮುಂದಿನದು ಕಂಪನಿಯ ಹತ್ತಿರವೇ ಇದೆ, ಕಂಟ್ರೋಲರ್ ಅವರದಾದ್ದರಿಂದ ಬೇರೆ ದಾರಿ ಇರಲಿಲ್ಲ. ಬ್ಯಾಟರಿ ಸೇರಿಸಿದರು, ಮೂರು ತಿಂಗಳಿಗೊಮ್ಮೆ ಹಣ ಅನ್ನುವುದಕ್ಕೆ ಒಪ್ಪಿದರು. ದೊಡ್ಡ ಪಾರ್ಟ್ ಆದರೂ ಐದು ದಿನದಲ್ಲಿ ಲಿಫ್ಟ್ ಓಡಬೇಕು ಅಂದಿದ್ದಕ್ಕೆ ಒಪ್ಪಲಿಲ್ಲ. ಒಂದು ವಾರ ಎಳೆದಾಡಿ ಏಳು ದಿನಕ್ಕೆ ಬಂದರು. ಏಜೆನ್ಸಿಯವರು 5% ಮಿತಿಯನ್ನು 10%ಗೆ ಏರಿಸಿದರು, ಬದಲಿಗೆ 3,000 ಜಾಸ್ತಿ ಕೇಳಿದರು. ಕೊಟ್ಟೆ. ಭಾನುವಾರಕ್ಕೆ ಎರಡನೇ ಫೋನ್ ನಂಬರ್ ಬರೆಸಿಕೊಂಡಿದ್ದೇನೆ. ಕಳೆದ ಭಾನುವಾರ ಸುಮ್ನೆ ಒಂದು ಕಾಲ್ ಮಾಡಿ ನೋಡಿದೆ. ಏಜೆನ್ಸಿಯವನ ಹೆಂಡತಿ ಎತ್ತಿ, ‘ಊಟ ಮಾಡ್ತಾ ಇದಾರೆ, ಲಿಫ್ಟ್ ನಿಂತಿದ್ಯಾ ಸಾರ್?’ ಅಂದರು.